ತಲೆ ಕೆಳಗಿದ್ದಾಗ ವಿಡಿಯೊ ಕಾಣುವುದಿಲ್ಲ

ಪ್ರಶ್ನೆ: ಹಾಸನದಲ್ಲಿ ಎಂಟು ವರ್ಷದಿಂದ ಯೋಗ ಹೇಳಿಕೊಡುತ್ತಿದ್ದೇನೆ. ರಥಸಪ್ತಮಿಗೆ ಮುಂಚೆ ಮನೆಯಲ್ಲೇ ರೂಢಿಯಾಗಲಿ ಎಂದು ಸೂರ್ಯನಮಸ್ಕಾರದ ಒಂದು ವಿಡಿಯೊ ಮಾಡಿ ಶಿಷ್ಯರಿಗೆ ಕಳಿಸಿದೆ. ಹೆಚ್ಚಿನವರು ಐವತ್ತು ದಾಟಿದ ಹೆಂಗಸರು. ವಾರ ಕಳೆಯುವುದರೊಳಗೆ ನಾಲ್ಕು ಜನ ಕತ್ತು ಹಿಡಿದುಕೊಂಡಿದೆ ಎಂದರು. ಯಾವ ಕಾಲು ಹಿಂದೆ ಹೋಗಬೇಕೋ ತಿಳಿಯಲಿಲ್ಲ ಎಂದು ಇನ್ನು ಕೆಲವರು ಹೇಳಿದರು. ತರಗತಿಯಲ್ಲಿ ಇದೇ ಜನಕ್ಕೆ ಒಂದು ದಿನವೂ ತೊಂದರೆ ಆಗಿರಲಿಲ್ಲ. ಫೋನನ್ನು ಸರಿಯಾಗಿ ಎದುರಿಗೇ ಇಟ್ಟಿದ್ದೆ, ಮಾತೂ ಸ್ಪಷ್ಟವಾಗಿದೆ. ಎಲ್ಲಿ ತಪ್ಪಾಯಿತು ಮೇಡಂ?

ಉತ್ತರ: ನೀವು ಕಳಿಸಿದ ವಿಡಿಯೊವನ್ನು ಮೂರು ಸಲ ನೋಡಿದೆ. ಒಮ್ಮೆ ಹಾಗೇ ನೋಡಿದೆ, ಒಮ್ಮೆ ಧ್ವನಿ ನಿಲ್ಲಿಸಿ ನೋಡಿದೆ. ಮೂರನೆಯ ಸಲ ಫೋನನ್ನು ಚಾಪೆಯ ಪಕ್ಕ ಇಟ್ಟು, ನಿಮ್ಮ ಮಾತು ಕೇಳುತ್ತಾ ನಾನೇ ನಮಸ್ಕಾರ ಹಾಕಿದೆ. ಕತ್ತು ನೋವಿನ ಕಾರಣ ಸಿಕ್ಕಿದ್ದು ಈ ಮೂರನೆಯ ಸಲ.

ಐದನೆಯ ಹಂತಕ್ಕೆ, ಅಂದರೆ ಪರ್ವತಾಸನಕ್ಕೆ ಬಂದಾಗ ನೀವು "ಹೀಗೆ ಸೊಂಟ ಮೇಲಕ್ಕೆತ್ತಿ, ಹೀಗೆ ನೋಡಿ, ಹೀಗಿರಲಿ" ಎನ್ನುತ್ತೀರಿ. "ಹೀಗೆ" ಎಂದರೆ ಹೇಗೆ ಎಂದು ತಿಳಿಯಲು ನಾನು ಕತ್ತು ಎತ್ತಿ ಪಕ್ಕಕ್ಕೆ ತಿರುಗಿಸಬೇಕಾಯಿತು. ಆಗ ಮೈಭಾರದ ದೊಡ್ಡ ಪಾಲು ಅಂಗೈ ಮತ್ತು ಹೆಗಲಿನ ಮೇಲಿರುತ್ತದೆ. ಹೆಗಲಿನಿಂದ ಕತ್ತಿಗೆ ಏರುವ ಸ್ನಾಯು ಬಿಗಿದಿರುವಾಗಲೇ ತಲೆಯನ್ನು ಎತ್ತಿ, ಓರೆಮಾಡಿ, ನೀವು ಮಾತು ಮುಗಿಸುವವರೆಗೆ ಹಾಗೇ ಹಿಡಿದಿರಬೇಕು. ಒಂದು ಸುತ್ತಿನಲ್ಲಿ ಪರ್ವತಾಸನ ಎರಡು ಸಲ ಬರುತ್ತದೆ. ದಿನಕ್ಕೆ 12 ಸುತ್ತು ಹಾಕಿದವರು 24 ಸಲ ಹಾಗೆ ಕತ್ತು ತಿರುಚಿರುತ್ತಾರೆ. ವಾರವಿಡೀ ಮಾಡಿದರೆ ಕತ್ತು ಹಿಡಿದುಕೊಳ್ಳುವುದು ಸಹಜ.

ಅದೇ ಜಾಗದಲ್ಲಿ ಇನ್ನೊಂದು ಸಂಗತಿಯೂ ಇದೆ. ಧ್ವನಿ ನಿಲ್ಲಿಸಿ ನೋಡಿದಾಗ ಅದು ಕಂಡಿತು. ಪರ್ವತಾಸನದಲ್ಲಿ ಮಾತಾಡಬೇಕು ಎಂದು ನೀವೇ ಗದ್ದ ಎತ್ತಿ ಫೋನಿನ ಕಡೆ ತಿರುಗುತ್ತೀರಿ. ಕಲಿಯುವವರು ಕಿವಿಗಿಂತ ಮೊದಲು ಕಣ್ಣನ್ನು ನಂಬುತ್ತಾರೆ. ನೀವು "ತಲೆ ಸಡಿಲ ಬಿಡಿ" ಎಂದಿದ್ದೀರಿ, ಆದರೆ ಅವರು ಅನುಕರಿಸಿದ್ದು ನಿಮ್ಮ ಎತ್ತಿದ ತಲೆಯನ್ನು.

ತರಗತಿಯಲ್ಲಿ ಇದು ಆಗಲಿಲ್ಲ, ಏಕೆಂದರೆ ಅಲ್ಲಿ ನೀವು ಅವರ ನಡುವೆ ಓಡಾಡುತ್ತಾ ಹೇಳುತ್ತೀರಿ. ಅವರು ನಿಮ್ಮನ್ನು ನೋಡಬೇಕಾಗಿಯೇ ಇಲ್ಲ, ನೀವು ಅವರನ್ನು ನೋಡುತ್ತಿರುತ್ತೀರಿ. ವಿಡಿಯೊದಲ್ಲಿ ನಿಮಗೆ ಅವರು ಕಾಣುವುದಿಲ್ಲ. ಸೂರ್ಯನಮಸ್ಕಾರದ ಹನ್ನೆರಡು ಹಂತಗಳಲ್ಲಿ ಐದರಲ್ಲಿ ಅವರಿಗೂ ನೀವು ಕಾಣುವುದಿಲ್ಲ. ಮೂರು ಮತ್ತು ಹತ್ತನೆಯ ಪಾದಹಸ್ತಾಸನ, ಐದು ಮತ್ತು ಎಂಟನೆಯ ಪರ್ವತಾಸನ, ಆರನೆಯ ಅಷ್ಟಾಂಗ ನಮಸ್ಕಾರ, ಈ ಐದರಲ್ಲೂ ಮುಖ ನೆಲದ ಕಡೆ ಇರುತ್ತದೆ. ಬೆನ್ನು, ಹೆಗಲು, ಮಣಿಕಟ್ಟುಗಳ ಮೇಲೆ ಹೆಚ್ಚು ಭಾರ ಬೀಳುವುದೂ ಇವುಗಳಲ್ಲೇ.

ಆದ್ದರಿಂದ ನನ್ನ ಮೊದಲ ಸಲಹೆ, ಈ ವಿಡಿಯೊವನ್ನು ಎರಡಾಗಿ ಒಡೆಯಿರಿ. ಒಂದು ನೋಡುವ ಪಾಠ, ಇನ್ನೊಂದು ಮಾಡುವ ಪಾಠ. ನೋಡುವ ಪಾಠವನ್ನು ಅವರು ಕುರ್ಚಿಯಲ್ಲೋ ಚಾಪೆಯ ಮೇಲೋ ಕುಳಿತು ನೋಡಲಿ. ಶುರುವಿನಲ್ಲೇ "ಈಗ ಮಾಡುವುದು ಬೇಡ, ಕುಳಿತು ನೋಡಿ" ಎಂದು ಹೇಳಿ. ಮಾಡುವ ಪಾಠದಲ್ಲಿ ಚಿತ್ರ ಇದ್ದರೂ ಇಲ್ಲದಿದ್ದರೂ ನಡೆಯಬೇಕು, ಕೆಲಸವೆಲ್ಲ ಧ್ವನಿಯದು. ಎರಡನ್ನೂ ಒಂದರಲ್ಲೇ ಸೇರಿಸಲು ಹೋದಾಗ ಅರ್ಧ ತೋರಿಸಿದಂತೆ, ಅರ್ಧ ಹೇಳಿದಂತೆ ಆಗುತ್ತದೆ. ನಿಮ್ಮ ವಿಡಿಯೊದಲ್ಲಿ ಆಗಿರುವುದು ಅದೇ.

ಈಗ ನೋಡುವ ಪಾಠದ ಚಿತ್ರೀಕರಣಕ್ಕೆ ಬರುತ್ತೇನೆ. ಫೋನನ್ನು ಎದುರಿಗೆ ಇಟ್ಟಿದ್ದೇ ಇಲ್ಲಿ ತೊಂದರೆ ಮಾಡಿದೆ. ಸೂರ್ಯನಮಸ್ಕಾರದಲ್ಲಿ ಮೈ ಚಲಿಸುವುದೆಲ್ಲ ಹಿಂದಕ್ಕೆ ಮತ್ತು ಮುಂದಕ್ಕೆ. ಎದುರಿನ ಕ್ಯಾಮೆರಾಗೆ ಅದು ಕಾಣುವುದಿಲ್ಲ. ಪಾದಹಸ್ತಾಸನದಲ್ಲಿ ನಿಮ್ಮ ನೆತ್ತಿ ಮಾತ್ರ ಕಾಣುತ್ತದೆ, ನಾಲ್ಕನೆಯ ಹಂತದಲ್ಲಿ ಹಿಂದೆ ಹೋದ ಕಾಲು ಮೈಯ ಮರೆಯಲ್ಲಿ ಮಾಯವಾಗುತ್ತದೆ. ಯಾವ ಕಾಲು ಎಂದು ಅವರಿಗೆ ತಿಳಿಯದೆ ಹೋದದ್ದು ಇದರಿಂದ. ಮೈ ಯಾವ ದಿಕ್ಕಿನಲ್ಲಿ ಚಲಿಸುತ್ತದೋ ಅದಕ್ಕೆ ಅಡ್ಡಲಾಗಿ ಕ್ಯಾಮೆರಾ ಇರಬೇಕು. ತ್ರಿಕೋನಾಸನದಲ್ಲಿ ಮೈ ಪಕ್ಕಕ್ಕೆ ಬಾಗುತ್ತದೆ, ಅದನ್ನು ಎದುರಿನಿಂದ ತೆಗೆಯಬೇಕು. ಪಶ್ಚಿಮೋತ್ತಾನಾಸನ, ಭುಜಂಗಾಸನ, ಸೂರ್ಯನಮಸ್ಕಾರ ಇವನ್ನು ಪಕ್ಕದಿಂದ ತೆಗೆಯಬೇಕು. ಅರ್ಧ ಮತ್ಸ್ಯೇಂದ್ರಾಸನದಂತೆ ಮೈ ತಿರುಚುವ ಆಸನಗಳಿಗೆ ಎರಡರ ನಡುವೆ, ಓರೆಯಾಗಿ ಇಡಬೇಕು.

ದೂರ ಎಷ್ಟು? ಫೋನನ್ನು ಅಡ್ಡ ಹಿಡಿದು, ಹಿಂಬದಿಯ ಮುಖ್ಯ ಕ್ಯಾಮೆರಾದಲ್ಲಿ, ಪರದೆಯ ಮೇಲೆ 1x ಎಂದು ತೋರಿಸುವಾಗ, ಸುಮಾರು 12 ಅಡಿ ಬೇಕು. ಅಷ್ಟು ದೂರದಿಂದ 6 ಅಡಿಯ ಚಾಪೆ ಪೂರ್ತಿ ಒಳಗೆ ಬಂದು ಎರಡೂ ಕಡೆ ಜಾಗ ಮಿಗುತ್ತದೆ, ಹಸ್ತೋತ್ತಾನಾಸನದಲ್ಲಿ ಎತ್ತಿದ ಬೆರಳ ತುದಿಯೂ ಕತ್ತರಿಸಿ ಹೋಗುವುದಿಲ್ಲ. ಕೋಣೆ ಚಿಕ್ಕದು ಎಂದು ಬಹಳ ಜನ 0.5x ಒತ್ತಿಬಿಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಆ ಮಸೂರ ಅಂಚಿನಲ್ಲಿರುವುದನ್ನು ಎಳೆದು ಉದ್ದ ಮಾಡುತ್ತದೆ. ಚಾಪೆಯ ತುದಿಯಲ್ಲಿರುವ ಪಾದ ದೊಡ್ಡದಾಗಿ, ತೋಳು ಉದ್ದವಾಗಿ ಕಾಣುತ್ತದೆ. ಕೈಗೂ ಪಾದಕ್ಕೂ ಎಷ್ಟು ಅಂತರ ಇರಬೇಕು ಎಂದು ಅದನ್ನು ನೋಡಿ ಅಂದಾಜು ಮಾಡಿದವರು ತಪ್ಪುತ್ತಾರೆ. ಜಾಗ ಸಾಲದಿದ್ದರೆ ಫೋನನ್ನು ಬಾಗಿಲಾಚೆ ನಡುಮನೆಯಲ್ಲಿ ಇಟ್ಟು ಕೋಣೆಯೊಳಗೆ ಆಸನ ಮಾಡಿ. ನಾನು ನನ್ನ ಮನೆಯಲ್ಲಿ ಮಾಡುವುದು ಹಾಗೆಯೇ.

ಎತ್ತರ ಸುಮಾರು 3 ಅಡಿ, ಫೋನು ಹಿಂದೆ ಮುಂದೆ ವಾಲದೆ ನೆಟ್ಟಗೆ ಇರಬೇಕು. ಎತ್ತರದಲ್ಲಿ ಇಟ್ಟು ಕೆಳಕ್ಕೆ ಬಾಗಿಸಿದರೆ ಕಾಲು ಗಿಡ್ಡವಾಗಿ ಕಾಣುತ್ತದೆ, ಪರ್ವತಾಸನದಲ್ಲಿ ಹಿಮ್ಮಡಿ ನೆಲ ಮುಟ್ಟಿದೆಯೋ ಇಲ್ಲವೋ ತಿಳಿಯುವುದಿಲ್ಲ. ಊಟದ ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಒಟ್ಟಿ ಒರಗಿಸಿದರೂ ಆ ಎತ್ತರ ಸಿಗುತ್ತದೆ. ಕಿಟಕಿ ನಿಮ್ಮ ಬೆನ್ನ ಹಿಂದೆ ಬಾರದಂತೆ ನೋಡಿಕೊಳ್ಳಿ, ಬಂದರೆ ನೀವು ಕಪ್ಪು ನೆರಳಾಗುತ್ತೀರಿ. ಏಳುವಾಗ ಬಾಗುವಾಗ ಚಿತ್ರ ಬೆಳಗಿ ಮಂಕಾಗುವುದನ್ನು ತಡೆಯಲು, ಚಾಪೆಯ ಮೇಲೆ ಒಬ್ಬರನ್ನು ನಿಲ್ಲಿಸಿ ಪರದೆಯಲ್ಲಿ ಅವರ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF Lock ಎಂದು ಬರುತ್ತದೆ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದೇ ವ್ಯವಸ್ಥೆ ಇದೆ.

ಬಟ್ಟೆಯ ವಿಷಯ ಒಂದೇ ಮಾತು. ನೀವು ತೊಟ್ಟಿದ್ದ ಸಡಿಲ ಚೂಡಿದಾರದಲ್ಲಿ ನಿಮ್ಮ ಮಂಡಿ ಎಲ್ಲಿದೆ ಎಂದು ನನಗೇ ತಿಳಿಯಲಿಲ್ಲ. ಮಂಡಿಯ ಮಡಿಕೆ ಕಾಣುವಂಥ, ಗೋಡೆಗೂ ಚಾಪೆಗೂ ಬೇರೆಯಾದ ಬಣ್ಣದ ಬಟ್ಟೆ ಇರಲಿ.

ಪಕ್ಕದಿಂದ ತೆಗೆದರೂ ಒಂದು ಹಂತ ಮಾತ್ರ ಮೋಸ ಮಾಡುತ್ತದೆ. ಅದು ನಾಲ್ಕನೆಯ ಅಶ್ವಸಂಚಲನಾಸನ. ಬಲಗಾಲು ಹಿಂದಕ್ಕೆ ಹೋಗಿ ಎಡಪಾದ ಎರಡು ಅಂಗೈಗಳ ನಡುವೆ ಇರುತ್ತದಲ್ಲ, ಆಗ ಕ್ಯಾಮೆರಾ ಕಡೆಯ ತೋಳು ಕಂಬದ ಹಾಗೆ ಮುಂಗಾಲಿಗೆ ಅಡ್ಡ ನಿಲ್ಲುತ್ತದೆ. ಮುಂದಿನ ಮಂಡಿ ಪಾದದ ನೇರಕ್ಕಿದೆಯೋ, ಬೆರಳುಗಳನ್ನು ದಾಟಿ ಮುಂದಕ್ಕೆ ಹೋಗಿದೆಯೋ ಕಾಣುವುದೇ ಇಲ್ಲ. ಐವತ್ತು ದಾಟಿದವರಿಗೆ ಬಹುಮುಖ್ಯವಾಗಿ ಕಾಣಬೇಕಾದ್ದೇ ಅದು, ಏಕೆಂದರೆ ಮಂಡಿ ಮುಂದಕ್ಕೆ ಹೋದಷ್ಟೂ ಚಿಪ್ಪಿನ ಮೇಲೆ ಒತ್ತಡ ಹೆಚ್ಚು. ಇದಕ್ಕೆ ನಾನು ಕಂಡುಕೊಂಡ ದಾರಿ ಸರಳ. ಹಿಂದಿನ ಮಂಡಿಯನ್ನು ನೆಲಕ್ಕೆ ಇಟ್ಟು, ಕ್ಯಾಮೆರಾ ಕಡೆಯ ಕೈಯನ್ನು ಎತ್ತಿ ಬೆನ್ನ ಹಿಂದಕ್ಕೆ ತೆಗೆದುಕೊಳ್ಳಿ. ಮರೆ ತೊಲಗಿದ ಮೇಲೆ ಇನ್ನೊಂದು ಕೈಯಿಂದ ಮೊದಲು ಮಂಡಿಯನ್ನು, ಆಮೇಲೆ ಗೆಜ್ಜೆ ಕಟ್ಟುವ ಜಾಗವನ್ನು ಮುಟ್ಟಿ ತೋರಿಸಿ. ಎರಡೂ ಒಂದರ ಕೆಳಗೆ ಒಂದು ಇರಬೇಕು ಎಂದು ಹೇಳಿ. ಆಮೇಲೆ ಬೇಕೆಂದೇ ಮಂಡಿಯನ್ನು ಸ್ವಲ್ಪ ಮುಂದಕ್ಕೆ ದೂಡಿ, ತಪ್ಪು ಹೇಗಿರುತ್ತದೆ ಎಂದು ತೋರಿಸಿ, ಮತ್ತೆ ಸರಿಯಾದ ಜಾಗಕ್ಕೆ ಬಂದು ಅಲ್ಲೇ ನಿಲ್ಲಿ. ತಪ್ಪನ್ನು ತೋರಿಸಿದ ಮೇಲೆ ಕೊನೆಯದಾಗಿ ಕಣ್ಣಿನಲ್ಲಿ ಉಳಿಯುವುದು ಸರಿಯಾದದ್ದೇ ಆಗಿರಬೇಕು.

ಎಡ ಬಲದ ಗೊಂದಲಕ್ಕೆ ನಿಮ್ಮ ಬಲಗಾಲಿನ ಗೆಜ್ಜೆಯ ಜಾಗಕ್ಕೆ ಒಂದು ಕೆಂಪು ರಿಬ್ಬನ್ ಕಟ್ಟಿಕೊಳ್ಳಿ. ಅವರಿಗೂ ಬಲಗಾಲಿಗೆ ಒಂದು ಕರವಸ್ತ್ರ ಕಟ್ಟಿಕೊಳ್ಳಲು ಹೇಳಿ. "ಕಟ್ಟಿದ ಕಾಲು ಹಿಂದಕ್ಕೆ" ಎಂದರೆ ಯಾರೂ ಯೋಚಿಸಬೇಕಾಗಿಲ್ಲ. ಕನ್ನಡಿಯ ಹಾಗೆ ತಿರುಗಿಸಿ ಮಾಡುವ ಪ್ರಯತ್ನ ಬೇಡ. ಸೆಲ್ಫಿ ಕ್ಯಾಮೆರಾ ಪರದೆಯಲ್ಲಿ ಕನ್ನಡಿಯಂತೆ ತೋರಿಸಿದರೂ ಉಳಿಸಿದ ವಿಡಿಯೊದಲ್ಲಿ ಎಷ್ಟೋ ಫೋನುಗಳು ಅದನ್ನು ನೇರ ಮಾಡಿಬಿಡುತ್ತವೆ. ಜೂಮ್‌ನಲ್ಲೂ ಹಾಗೆಯೇ, ಕನ್ನಡಿ ಕಾಣುವುದು ನಿಮಗೆ ಮಾತ್ರ, ಆಚೆ ಕಡೆಯವರಿಗೆ ನಿಮ್ಮ ಬಲಗೈ ಬಲಗೈಯಾಗಿಯೇ ಕಾಣುತ್ತದೆ.

ಇನ್ನು ಮಾಡುವ ಪಾಠ, ಅಂದರೆ ಮಾತಿನ ಪಾಠ. ನನಗೆ ಹೆಚ್ಚು ಹೇಳಬೇಕೆನಿಸುವುದು ಇಲ್ಲಿಯೇ, ಏಕೆಂದರೆ ಇದನ್ನು ನಾವು ಕನ್ನಡದಲ್ಲಿ ಹೇಳುತ್ತೇವೆ, ಕನ್ನಡದ ವಾಕ್ಯಕ್ಕೆ ಅದರದೇ ಸ್ವಭಾವ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಈಗ ಉಸಿರು ತೆಗೆದುಕೊಳ್ಳುತ್ತಾ ಬಲಗಾಲನ್ನು ನಿಧಾನವಾಗಿ, ಎಷ್ಟು ಸಾಧ್ಯವೋ ಅಷ್ಟು, ಹಿಂದಕ್ಕೆ ತೆಗೆದುಕೊಂಡು ಹೋಗಿ ಮಂಡಿಯನ್ನು ನೆಲಕ್ಕೆ ಇಡಿ" ಎನ್ನುತ್ತೀರಿ. ಕೇಳುವವರು "ಇಡಿ" ಬರುವವರೆಗೆ ಕಾಯುವುದಿಲ್ಲ. "ಬಲಗಾಲನ್ನು" ಎಂದೊಡನೆ ಕಾಲು ಅಲುಗುತ್ತದೆ, ಎಲ್ಲಿಗೆ ಎಂದು ಗೊತ್ತಾಗುವುದು ಆಮೇಲೆ. ಚಿಕ್ಕದಾಗಿ ಕತ್ತರಿಸಿ ಹೇಳಿ: "ಉಸಿರು ಒಳಗೆ. ಬಲಗಾಲು ಹಿಂದಕ್ಕೆ. ಮಂಡಿ ನೆಲಕ್ಕೆ."

ಇದಕ್ಕಿಂತ ಅಪಾಯದ್ದು "ಬೇಡಿ". ಕನ್ನಡದಲ್ಲಿ ನಿಷೇಧ ಪದದ ಬಾಲದಲ್ಲಿ ಇರುತ್ತದೆ. "ಕತ್ತು ತಿರುಗಿಸಬೇಡಿ" ಎನ್ನುವಾಗ ಕಿವಿಗೆ ಮೊದಲು ಬೀಳುವುದು ಕತ್ತು, ತಿರುಗಿಸು. ಫೋನಿನ ಸಣ್ಣ ಸ್ಪೀಕರ್‌ನಲ್ಲಿ, ಮಿಕ್ಸಿಯ ಸದ್ದಿನ ನಡುವೆ, ಕೊನೆಯ "ಬೇಡಿ" ನುಂಗಿಹೋದರೆ ಅರ್ಥವೇ ತಿರುಗುಮುರುಗು. ಏನು ಮಾಡಬಾರದು ಎನ್ನುವ ಬದಲು ಏನು ಮಾಡಬೇಕು ಎಂದು ಹೇಳಿ. "ಕತ್ತು ತಿರುಗಿಸಬೇಡಿ" ಬದಲು "ಕಣ್ಣು ಕಾಲ್ಬೆರಳ ಕಡೆ". "ಉಸಿರು ಕಟ್ಟಬೇಡಿ" ಬದಲು "ಉಸಿರು ಆಡುತ್ತಿರಲಿ".

ಪದಗಳನ್ನೂ ಒಮ್ಮೆ ತೂಗಿ ನೋಡಬೇಕು. "ಸೊಂಟದಿಂದ ಬಾಗಿ" ಎಂದು ನಾವೆಲ್ಲ ಹೇಳುತ್ತೇವೆ. ನಮ್ಮ ಮನಸ್ಸಿನಲ್ಲಿರುವುದು ತೊಡೆಯ ಕೀಲು. ಆದರೆ ಮನೆಮಾತಿನಲ್ಲಿ ಸೊಂಟ ನೋವು ಎಂದರೆ ಕೆಳಬೆನ್ನಿನ ನೋವು. ಆ ಹೆಂಗಸರು ಸೊಂಟದಿಂದ ಬಾಗಿ ಎಂದು ಕೇಳಿದಾಗ ಬಾಗುವುದು ಕೆಳಬೆನ್ನನ್ನು, ಅದೂ ಮಂಡಿ ಬಿಗಿದುಕೊಂಡು. ಡಿಸ್ಕ್ ತೊಂದರೆ ಇರುವವರಿಗೆ, ಮೂಳೆ ಸವೆದವರಿಗೆ ಬೆನ್ನನ್ನು ಹಾಗೆ ದುಂಡಗೆ ಬಗ್ಗಿಸುವುದೇ ಅಪಾಯ. ತರಗತಿಯಲ್ಲಾದರೆ ನೀವು ಹೋಗಿ ಬೆನ್ನ ಮೇಲೆ ಕೈಯಿಟ್ಟು ತಿದ್ದುತ್ತಿದ್ದಿರಿ. ಇಲ್ಲಿ ಮಾತೇ ತಿದ್ದಬೇಕು: "ಮಂಡಿ ಸಡಿಲ. ತೊಡೆಸಂದು ಮಡಚಿ. ಹೊಟ್ಟೆ ತೊಡೆಯ ಕಡೆಗೆ." ಹಾಗೆಯೇ ಕಾಲು ಎಂದರೆ ಪಾದವೂ ಆಗುತ್ತದೆ, ಇಡೀ ಕಾಲೂ ಆಗುತ್ತದೆ. ಕೈಯೂ ಅಷ್ಟೇ. ಪಾದ, ಅಂಗೈ, ಮೊಣಕೈ, ಹೆಗಲು ಎಂದು ಆಯಾ ಭಾಗದ ಹೆಸರನ್ನೇ ಹಿಡಿದು ಹೇಳಿ.

ಮಾತು ಚಲನೆಗಿಂತ ಮುಂದೆ ಇರಬೇಕು. ನಿಮ್ಮ ವಿಡಿಯೊದಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಕೇಳಿ ಮಾಡುವವರು ಯಾವಾಗಲೂ ಅರ್ಧ ಹೆಜ್ಜೆ ಹಿಂದೆ ಉಳಿಯುತ್ತಾರೆ, ನೀವು ಉಸಿರು ಬಿಡಿ ಎನ್ನುವ ಹೊತ್ತಿಗೆ ಅವರು ಇನ್ನೂ ತೆಗೆದುಕೊಳ್ಳುತ್ತಿರುತ್ತಾರೆ, ಆಮೇಲೆ ಹಿಡಿಯಲು ಆತುರಪಡುತ್ತಾರೆ. ಹಿಂದಿನ ಹಂತದ ಉಸಿರು ಮುಗಿಯುತ್ತಿರುವಾಗಲೇ ಮುಂದಿನ ಮಾತು ಬಂದಿರಬೇಕು. ಆಸನ ಮಾಡುತ್ತಲೇ ಹೀಗೆ ಹೇಳುವುದು ಕಷ್ಟ. ಮೊದಲು ಮಾತಿಲ್ಲದೆ ಚಿತ್ರ ತೆಗೆಯಿರಿ, ಆಮೇಲೆ ನೆಟ್ಟಗೆ ಕುಳಿತು ಧ್ವನಿ ಕೂಡಿಸಿ. ತಲೆ ಎತ್ತಿ ಮಾತಾಡುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಮೈಸೂರಿನಲ್ಲಿ ಯೋಗಗುರು ಪಟ್ಟಾಭಿ ಜೋಯಿಸರು ಏಕಂ, ದ್ವೇ, ತ್ರೀಣಿ ಎಂದು ಎಣಿಸಿ ಪಾಠ ಮಾಡುತ್ತಿದ್ದರು. ಎಣಿಕೆ ಕೇಳಿದರೆ ಸಾಕು, ಆ ಹಂತದ ಆಕಾರ ಮೈಗೆ ನೆನಪಾಗುತ್ತಿತ್ತು. ನಾವೂ ಅದನ್ನು ಬಳಸಿಕೊಳ್ಳಬಹುದು. ನೋಡುವ ಪಾಠದಲ್ಲಿ ಪ್ರತಿ ಹಂತಕ್ಕೂ ಅದರ ಸಂಖ್ಯೆ ಹೇಳಿ, ಪರದೆಯ ಮೂಲೆಯಲ್ಲಿ ದೊಡ್ಡದಾಗಿ ಬರೆಯಿರಿ. ಮಾಡುವ ಪಾಠದಲ್ಲಿ "ಐದು" ಎಂದೊಡನೆ ನೋಡಿದ್ದ ಚಿತ್ರ ಮನಸ್ಸಿಗೆ ಬರುತ್ತದೆ, ತಲೆ ಎತ್ತುವ ಅಗತ್ಯ ಬೀಳುವುದಿಲ್ಲ. ನಿಮಗೆ ಮಾದರಿಗಾಗಿ ನಾಲ್ಕರಿಂದ ಏಳರವರೆಗೆ ಬರೆದು ಕೊಡುತ್ತೇನೆ. ಸಂಖ್ಯೆ ಹೇಳಿ ಒಂದು ಕ್ಷಣ ಬಿಡುವು ಕೊಡಿ.

"ನಾಲ್ಕು. ಉಸಿರು ಒಳಗೆ. ಕಟ್ಟಿದ ಕಾಲು ಹಿಂದಕ್ಕೆ. ಮಂಡಿ ನೆಲಕ್ಕೆ. ಮುಂದಿನ ಮಂಡಿ ಪಾದದ ನೇರಕ್ಕೆ.

ಐದು. ಉಸಿರು ಹೊರಗೆ. ಇನ್ನೊಂದು ಪಾದವೂ ಹಿಂದಕ್ಕೆ. ಪೃಷ್ಠ ಮೇಲಕ್ಕೆ. ಮಂಡಿ ಸಡಿಲ. ಕಣ್ಣು ಕಾಲ್ಬೆರಳ ಕಡೆ.

ಆರು. ಎರಡೂ ಮಂಡಿ ನೆಲಕ್ಕೆ. ಎದೆ ನೆಲಕ್ಕೆ. ಗದ್ದ ನೆಲಕ್ಕೆ. ಮೊಣಕೈ ಪಕ್ಕೆಗೆ ಹತ್ತಿರ.

ಏಳು. ಕಾಲು ಹಿಂದಕ್ಕೆ ಚಾಚಿ. ಉಸಿರು ಒಳಗೆ. ಎದೆ ಮುಂದಕ್ಕೆ, ಮೇಲಕ್ಕೆ. ಹೊಕ್ಕಳು ನೆಲದ ಹತ್ತಿರ. ಹೆಗಲು ಕಿವಿಯಿಂದ ದೂರ."

ಆರರಲ್ಲಿ ಮಂಡಿ ಮೊದಲು ಎಂದು ಇಟ್ಟಿರುವುದು ಬೇಕೆಂದೇ. ಎದೆ ಮೊದಲು ಇಳಿದರೆ ಇಡೀ ಭಾರ ಮಣಿಕಟ್ಟಿಗೂ ಹೆಗಲಿಗೂ ಬೀಳುತ್ತದೆ. ಸಾಂಪ್ರದಾಯಿಕವಾಗಿ ಇಲ್ಲಿ ಉಸಿರನ್ನು ಹೊರಗೇ ತಡೆಯುತ್ತಾರೆ. ನಿಮ್ಮ ಶಿಷ್ಯೆಯರಲ್ಲಿ ರಕ್ತದೊತ್ತಡದವರು ಇದ್ದೇ ಇರುತ್ತಾರೆ, ಹಾಗಾಗಿ ವಿಡಿಯೊದಲ್ಲಿ ನಾನು ತಡೆಯಲು ಹೇಳುವುದಿಲ್ಲ. ಮೊದಲ ಎರಡು ಸುತ್ತುಗಳಲ್ಲಿ ಪ್ರತಿ ಹಂತದಲ್ಲೂ ಅವರನ್ನು ಒಂದು ಉಸಿರಾಟದಷ್ಟು ಹೆಚ್ಚು ಹೊತ್ತು ನಿಲ್ಲಿಸಿ. ಆಗ ಒಂದು ಸುತ್ತಿಗೆ ಎರಡು ನಿಮಿಷದ ಹತ್ತಿರ ಹಿಡಿಯುತ್ತದೆ, ಮೂರನೆಯದರಿಂದ ಒಂದು ಉಸಿರಿಗೆ ಒಂದು ಹಂತ ಸಾಕು.

ಎಚ್ಚರಿಕೆಯ ಮಾತು ವಿಡಿಯೊದ ಕೆಳಗೆ ಬರೆದಿದ್ದೀರಿ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಅದು ಉದುರಿಹೋಗಬಹುದು. ಅದನ್ನು ಧ್ವನಿಯಲ್ಲೇ, ಮೊದಲ ಅರ್ಧ ನಿಮಿಷದಲ್ಲಿ ಹೇಳಿ. ಗ್ಲಾಕೋಮಾ ಇರುವವರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ತಲೆ ಕೆಳಗಾಗುವ ಹಂತಗಳನ್ನು ಬಿಡಬೇಕು, ತಲೆ ತಗ್ಗಿಸಿದಾಗ ಕಣ್ಣಿನ ಒಳಒತ್ತಡ ಏರುತ್ತದೆ. ಡಿಸ್ಕ್ ತೊಂದರೆ, ಹರ್ನಿಯಾ, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ವಿಡಿಯೊ ನೋಡಿ ಮಾಡಬಾರದು. ಇವರಿಗೆ "ಬಿಡಿ" ಎಂದಷ್ಟೇ ಹೇಳಿದರೆ ಸಾಲದು, ಹೆಚ್ಚಿನವರು ಬಿಡುವುದಿಲ್ಲ. ಬದಲಿ ತೋರಿಸಿ. ತಲೆ ತಗ್ಗಿಸಬಾರದವರಿಗೆ ಪರ್ವತಾಸನದ ಬದಲು ಗೋಡೆಗೆ ಅಂಗೈ ಊರಿ, ಎದೆಯ ಮಟ್ಟದಲ್ಲಿ, ತಲೆಯನ್ನು ತೋಳುಗಳ ಸಾಲಿನಲ್ಲೇ ಇಟ್ಟು ಹಿಂದಕ್ಕೆ ಸರಿಯುವುದು. ನಿಮ್ಮ ಹಿರಿಯ ಶಿಷ್ಯೆಯೊಬ್ಬರು ಅದೇ ಚಿತ್ರದಲ್ಲಿ, ನಿಮ್ಮ ಪಕ್ಕದ ಗೋಡೆಯ ಬಳಿ ಅದನ್ನು ಮಾಡುತ್ತಾ ಇದ್ದರೆ, ನೋಡುವವರಿಗೆ ಅದು ಕಡಿಮೆ ದರ್ಜೆಯದು ಅನಿಸುವುದಿಲ್ಲ.

ಯಾವಾಗ ನಿಲ್ಲಿಸಬೇಕು ಎಂಬುದನ್ನೂ ಅವರ ಮಾತಿನಲ್ಲೇ ಹೇಳಿ. ಸ್ನಾಯು ಎಳೆದಂತೆ ಆದರೆ ಪರವಾಗಿಲ್ಲ. ಕೀಲಿನಲ್ಲಿ ಚುಚ್ಚಿದರೆ, ಕಾಲಿಗೋ ಕೈಗೋ ಜೋಮು ಇಳಿದರೆ, ತಲೆ ಸುತ್ತಿದರೆ, ಎದೆ ಭಾರವಾದರೆ ಅಲ್ಲೇ ಮಂಡಿಯೂರಿ ಕುಳಿತುಬಿಡಬೇಕು. ಈ ಮಾತು ಶುರುವಿನಲ್ಲಿ ಒಮ್ಮೆ, ಮೂರನೆಯ ಸುತ್ತು ಮುಗಿದಾಗ ಇನ್ನೊಮ್ಮೆ ಬರಲಿ. ಈಗ ಕತ್ತು ನೋವಿರುವ ನಾಲ್ವರಿಗೂ ನೋವು ಪೂರ್ತಿ ಇಳಿಯುವವರೆಗೆ ನಮಸ್ಕಾರ ನಿಲ್ಲಿಸಲು ಇವತ್ತೇ ಹೇಳಿ. ಯಾರಿಗಾದರೂ ನೋವು ತೋಳಿಗೆ ಇಳಿಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಹಳೆಯ ವಿಡಿಯೊವನ್ನು ಅಳಿಸಲೂ ಹೇಳಿ.

ಹೊಸದನ್ನು ಕಳಿಸುವ ಮುಂಚೆ ಮನೆಯಲ್ಲಿ, ಯೋಗ ಗೊತ್ತಿಲ್ಲದ ಒಬ್ಬರನ್ನು ಹಿಡಿಯಿರಿ. ನಾನು ನಮ್ಮ ಅತ್ತಿಗೆಯನ್ನು ಹಿಡಿಯುತ್ತೇನೆ. ನೋಡುವ ಪಾಠವನ್ನು ಅವರಿಗೆ ಧ್ವನಿ ಇಲ್ಲದೆ ತೋರಿಸಿ, ಏನು ಕಂಡಿತು ಎಂದು ಕೇಳಿ. ಆಮೇಲೆ ಫೋನನ್ನು ಮಗುಚಿ ಇಟ್ಟು ಮಾಡುವ ಪಾಠವನ್ನು ನಿಧಾನದ ಒಂದು ಸುತ್ತು ಮಾತ್ರ ಕೇಳಿಸಿ, ನೀವು ಬಾಯಿ ತೆರೆಯದೆ ಪಕ್ಕದಲ್ಲಿ ನಿಂತು ನೋಡಿ. ಅವರು ಎಲ್ಲಿ ತಡೆದರೋ, ಎಲ್ಲಿ ತಲೆ ಎತ್ತಿ ನಿಮ್ಮ ಮುಖ ನೋಡಿದರೋ ಆ ಹಂತದ ಸಂಖ್ಯೆಯನ್ನು ಬರೆದುಕೊಳ್ಳಿ. ಕಳೆದ ಸಲ ನಮ್ಮ ಅತ್ತಿಗೆ ಏಳರಲ್ಲಿ ತಲೆ ಎತ್ತಿದರು. ನಾನು "ಕಾಲು ಹಿಂದಕ್ಕೆ ಚಾಚಿ" ಎನ್ನುವುದನ್ನು ಬಿಟ್ಟಿದ್ದೆ, ಅವರು ಮಂಡಿ ಮಡಚಿಕೊಂಡೇ ಎದೆ ಎತ್ತಲು ಹೆಣಗುತ್ತಿದ್ದರು. ಆ ಮೂರು ಪದ ಸೇರಿಸಿ ಅದೊಂದು ಹಂತದ ಧ್ವನಿಯನ್ನು ಮತ್ತೆ ತೆಗೆದೆ.